ಸಾಬವ್ವ ಓದಿದ ರಕ್ತದ ರಿಪೋರ್ಟು

ಸಾಬವ್ವನ ಗಂಡ ಯಾರೆಂಬುದು ಅವಳು ಹುಟ್ಟಿದ ವಾರದಲ್ಲೇ ತೀರ್ಮಾನವಾಗಿಹೋಗಿತ್ತು. ಅವಳಪ್ಪ ಹುಲಿಗೆಪ್ಪ ಯಾದಗಿರಿ ಕಡೆಯವನು. ಪುಣೆಗೆ ಬಂದು ಗವಂಡಿ, ಅಂದರೆ ಗೋಡೆ ಕಟ್ಟುವ ಕೆಲಸ ಹಿಡಿದು, ಯೆರವಡಾದ ಕೂಲಿಯವರ ವಸ್ತಿಯಲ್ಲಿ ತಗಡಿನ ಮನೆ ಹಾಕಿಕೊಂಡಿದ್ದ. ಚೊಚ್ಚಲು ಹೆಣ್ಣಾಯಿತೆಂಬ ಸುದ್ದಿ ಮುಟ್ಟಿದಾಗ ಅವನ ಅತ್ತೆ, ಹೆಂಡತಿಯ ತಾಯಿ, ಊರಿಂದ ತನ್ನ ಕಿರಿಯ ಮಗ ಈರಣ್ಣನನ್ನು ಕರೆದುಕೊಂಡು ಬಂದಳು. ಎಂಟು ವರ್ಷದ ಹುಡುಗನನ್ನು ತೊಟ್ಟಿಲ ಮುಂದೆ ನಿಲ್ಲಿಸಿ, "ನೋಡ್ಕೋ, ನಿನ್ನ ಹೇಣ್ತಿ" ಅಂದಳು. ಹುಡುಗ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಓಡಿದನಂತೆ. ಈ ಮಾತನ್ನು ಸಾಬವ್ವನ ತಾಯಿ ಶರಣಮ್ಮ ಎಷ್ಟು ಸಲ ಹೇಳಿ ನಕ್ಕಿದ್ದಳೋ ಲೆಕ್ಕವಿಲ್ಲ.

ಈರಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಅವನೂ ಪುಣೆಗೆ ಬಂದ, ಕಲ್ಲು ಒಡೆದ, ಸ್ಲ್ಯಾಬಿಗೆ ಮಾಲು ಹೊತ್ತ, ಇಪ್ಪತ್ತೈದರೊಳಗೆ ಕೂಲಿಯವರ ಒಂದು ಟೋಳಿಗೆ ಮುಕಾದಮ, ಅಂದರೆ ಮೇಸ್ತ್ರಿಯಾದ. ಅಕ್ಕನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದವನು ಅವನೇ. ಅವಳು ಹನ್ನೆರಡನೆಯದನ್ನು ಪಾಸು ಮಾಡಿ ನರ್ಸಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದಾಗ, "ಕಲೀಲಿ ಬಿಡಕ್ಕ, ಮೂರು ವರ್ಷ ಎಲ್ಲಿ ಓಡಿ ಹೊಕ್ಕಾವ" ಎಂದು ಶರಣಮ್ಮನ ಬಾಯಿ ಮುಚ್ಚಿಸಿದವನೂ ಅವನೇ. ಆ ಮಾತು ಕೇಳಿ ಸಾಬವ್ವನಿಗೆ ಖುಷಿಯೂ ಆಯಿತು, ಎಲ್ಲೋ ಒಂದು ಕಡೆ ಚುಚ್ಚಿತು ಕೂಡ. ತನ್ನ ಕಲಿಕೆಗೆ ಅವನು ಅಪ್ಪಣೆ ಕೊಟ್ಟ ಹಾಗಿತ್ತಲ್ಲ.

ನಿಗಡಿ ಕಡೆ ಒಂದು ಟ್ರಸ್ಟಿನವರ ಆಸ್ಪತ್ರೆ. ಅದರ ಹಿಂದೆಯೇ ನರ್ಸಿಂಗ್ ಸ್ಕೂಲು, ಮೇಲೆ ಹಾಸ್ಟೆಲು. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಸಾಬವ್ವನಿಗೆ "ರಕ್ತ ಕಡಿಮೆಯವಳು" ಎಂಬ ಹೆಸರು ಬಿತ್ತು. ಅವಳ ಬಣ್ಣ ಹುಟ್ಟಿನಿಂದಲೇ ಸ್ವಲ್ಪ ಬಿಳಚು. ಪ್ರವೇಶದ ಹೊತ್ತಿಗೆ ಹಿಮೋಗ್ಲೋಬಿನ್ ನೋಡಿ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಹೊಟ್ಟೆ ಕಟ್ಟಿತು, ಮಲ ಡಾಂಬರಿನಂತಾಯಿತು, ಅಂಕಿ ಮಾತ್ರ ಇದ್ದಲ್ಲಿಯೇ ಇತ್ತು. "ಮಾತ್ರೆ ಎಸೀತಾಳೆ" ಅಂದರು ವಾರ್ಡನ್. "ಊಟ ಬಿಡ್ತಾಳೆ" ಅಂದರು ಇನ್ನೊಬ್ಬರು. ರಜೆಗೆ ಮನೆಗೆ ಬಂದರೆ ಶರಣಮ್ಮ ಬೀಟ್‌ರೂಟ್ ಬೇಯಿಸಿ ಮುಂದಿಟ್ಟು ಕಾಯುತ್ತಿದ್ದಳು. ಸಾಬವ್ವ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಮೂರು ಮಹಡಿ ಹತ್ತಿದರೂ ಏದುಸಿರು ಬಿಡುವವಳಲ್ಲ. ಆದರೆ ಅದನ್ನು ಯಾರು ನೋಡುತ್ತಾರೆ. ತಪ್ಪು ಅವಳ ತಾಟಿನಲ್ಲಿದೆ ಎಂದು ಎಲ್ಲರೂ ನಂಬಿಬಿಟ್ಟಿದ್ದರು.

ಮೂರನೆಯ ವರ್ಷ ಇಂದೂ ಗಲಗಲಿ ಎಂಬ ಟ್ಯೂಟರ್ ಬಂದರು. ಬಾಗಲಕೋಟೆ ಕಡೆಯ ಗುಮಾಸ್ತರೊಬ್ಬರ ಮಗಳು, ಪುಣೆಯಲ್ಲೇ ಬೆಳೆದವರು. ತರಗತಿಯಲ್ಲಿ ಮರಾಠಿ, ಸಾಬವ್ವ ಒಬ್ಬಳೇ ಸಿಕ್ಕಾಗ ಕನ್ನಡ. ಸಿಬಿಸಿ, ಅಂದರೆ ರಕ್ತದ ಕಣಗಳ ಪೂರ್ತಿ ಲೆಕ್ಕದ ರಿಪೋರ್ಟನ್ನು, ಅವರು ಪುಸ್ತಕದಿಂದ ಕಲಿಸಲಿಲ್ಲ. ಹುಡುಗಿಯರನ್ನು ವಾರ್ಡಿಗೆ ಕರೆದೊಯ್ದು ಮಂಚದ ಪಕ್ಕ ನಿಲ್ಲಿಸಿ ಕಲಿಸಿದರು.

ಮೊದಲ ದಿನ ಜ್ವರದ ಹೆಂಗಸೊಬ್ಬಳ ರಿಪೋರ್ಟು. ಪ್ಲೇಟ್‌ಲೆಟ್ ಇಪ್ಪತ್ತೆರಡು ಸಾವಿರ. ಲಕ್ಷ ಐವತ್ತು ಸಾವಿರವಾದರೂ ಇರಬೇಕಾದದ್ದು.

"ಏನು ಇದು?" ಅಂದರು ಇಂದೂ.

"ಡೆಂಗೀ ಮ್ಯಾಡಮ್," ಅಂದಳು ಮಾಯಾ. ಸಾಬವ್ವನ ರೂಮಿನ ಗೆಳತಿ, ಎಲ್ಲದಕ್ಕೂ ಮೊದಲು ಬಾಯಿ ತೆರೆಯುವವಳು.

"ಇರಬಹುದು, ಬೇರೆಯದೂ ಇರಬಹುದು. ಜಡ್ಡಿನ ಹೆಸರು ಡಾಕ್ಟರು ಇಡ್ತಾರೆ. ಈ ಅಂಕಿ ನೋಡಿದ ಮೇಲೆ ನಿನ್ನ ಕೈ ಏನು ಮಾಡಬೇಕು, ಅದನ್ನ ಹೇಳು."

ಹಿಂದಿನಿಂದ ಒಬ್ಬೊಬ್ಬರೇ ಹೇಳತೊಡಗಿದರು. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಬಾರದು, ಮಾಂಸದೊಳಗೆ ರಕ್ತ ಕಟ್ಟೀತು. ನರದಿಂದ ಸೂಜಿ ತೆಗೆದ ಮೇಲೆ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕು. ಗಡುಸು ಬ್ರಶ್ ಬೇಡ. ಒಸಡು, ಮೂತ್ರ, ಮಲ ನೋಡುತ್ತಿರಬೇಕು. ಒಬ್ಬಳನ್ನೇ ಎಬ್ಬಿಸಿ ಪಾಯಖಾನೆಗೆ ಕಳಿಸಬಾರದು, ಬಿದ್ದರೆ ಕಷ್ಟ. ತಲೆನೋವು ಏರಿದರೆ, ಮಂಪರು ಬಂದರೆ, ಓಡಿ ಹೇಳಬೇಕು.

ಇನ್ನೊಂದು ದಿನ ಕ್ಯಾನ್ಸರಿನ ಔಷಧ ಹಾಕಿಸಿಕೊಂಡ ಮುದುಕನ ರಿಪೋರ್ಟು. ಬಿಳಿ ಕಣ ಸಾವಿರದ ನೂರು, ಅದರಲ್ಲಿ ನ್ಯೂಟ್ರೋಫಿಲ್ ನೂರಕ್ಕೆ ಮೂವತ್ತು. ಗುಣಿಸಿದರೆ ಬರೀ ಮುನ್ನೂರ ಮೂವತ್ತು. "ಈ ಮನುಷ್ಯನಿಗೆ ಸೋಂಕಾದರೆ ಕೀವು ಕೂಡ ಆಗಲಿಕ್ಕಿಲ್ಲ, ಕೀವು ಮಾಡೋ ಕಣಗಳೇ ಇಲ್ಲ," ಅಂದರು ಇಂದೂ. "ಸಣ್ಣ ಜ್ವರ ಒಂದೇ ಸುಳಿವು. ಪ್ಯಾರಾಸಿಟಮಾಲ್ ಕೊಟ್ಟು ಕೂತರೆ ಬೆಳಗಾಗೋದರೊಳಗೆ ಹೋಗಿಬಿಟ್ಟಿರ್ತಾನೆ." ಅದೇ ಸಾಲಿನ ಕೊನೆಯ ಮಂಚದಲ್ಲಿ ಅಪೆಂಡಿಕ್ಸ್ ಒಡೆದ ಹುಡುಗನಿಗೆ ಬಿಳಿ ಕಣ ಹತ್ತೊಂಬತ್ತು ಸಾವಿರ. ಒಬ್ಬನ ಮೈ ಕೈಚೆಲ್ಲಿದೆ, ಇನ್ನೊಬ್ಬನ ಮೈ ಬಡಿದಾಡುತ್ತಿದೆ. ಇಬ್ಬರನ್ನೂ ಅಕ್ಕಪಕ್ಕ ಮಲಗಿಸುತ್ತೀರಾ ಎಂದು ಕೇಳಿದರು. ಯಾರೂ ಹೂಂ ಅನ್ನಲಿಲ್ಲ.

ಸಾಬವ್ವನಿಗೆ ಈ ಪಾಠ ತಲೆಗೆ ಹತ್ತಿದ್ದು ಇಂದೂ ಅಂದ ಒಂದು ಮಾತಿನಿಂದ. ಹಿಮೋಗ್ಲೋಬಿನ್ ಹೇಳಿಕೊಡುತ್ತ ಅವರು, "ಒಂದು ಅಂಕಿ ಅಂದರೆ ಚಾಡಿ ಮಾತು. ಅದನ್ನ ಕೇಳಿ ಯಾರ ಮೇಲೂ ತಪ್ಪು ಹೊರಿಸಬೇಡಿ. ಪಕ್ಕದ ಅಂಕಿಗಳನ್ನೂ ಕರೆದು ಕೇಳಿ" ಅಂದರು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಕೆಂಪು ಕಣದ ಅಳತೆ ನೋಡಬೇಕು. ಅದಕ್ಕೆ ಎಂಸಿವಿ ಅನ್ನುತ್ತಾರೆ, ಎಂಬತ್ತರಿಂದ ನೂರರೊಳಗೆ ಇರಬೇಕು. ಕಣ ದೊಡ್ಡದಾಗಿದ್ದರೆ ಬಿ-ಹನ್ನೆರಡು ಅಥವಾ ಫೋಲಿಕ್ ಆಸಿಡ್ ಕೊರತೆ ಇರಬಹುದು. ಕೈಕಾಲು ಜೋಮು ಹಿಡಿಯುತ್ತದೆಯೇ, ನಡೆಯುವಾಗ ಓಲಾಡುತ್ತಾರೆಯೇ ಕೇಳಬೇಕು. ಚಿಕ್ಕದಾಗಿದ್ದರೆ ಬಹಳ ಮಟ್ಟಿಗೆ ಕಬ್ಬಿಣದ ಕೊರತೆ. ಮುಟ್ಟಿನಲ್ಲಿ ಎಷ್ಟು ಹೋಗುತ್ತದೆ, ಹೊಟ್ಟೆಯಲ್ಲಿ ಹುಳ ಇವೆಯೇ, ಊಟದ ಜೊತೆಗೇ ಚಹಾ ಕುಡಿಯುತ್ತಾರೆಯೇ ಕೇಳಬೇಕು. "ಬಹಳ ಮಟ್ಟಿಗೆ ಅಂದೆ, ಯಾವಾಗಲೂ ಅನ್ನಲಿಲ್ಲ," ಎಂದು ಅವರು ಸೇರಿಸಿದರು.

ಆ ವರ್ಷದ ಆರೋಗ್ಯ ತಪಾಸಣೆ ಆದದ್ದು ಇದಾಗಿ ಸ್ವಲ್ಪ ದಿನಕ್ಕೆ. ಎರಡು ಸಾವಿರದ ಎರಡನೇ ಇಸವಿ. ಆಸ್ಪತ್ರೆಗೆ ಹೊಸ ಮಶೀನು ಬಂದಿತ್ತು, ಎಲ್ಲ ಹುಡುಗಿಯರಿಗೂ ಪೂರ್ತಿ ಸಿಬಿಸಿ ತೆಗೆದರು. ಮಾಯಾಳ ರಿಪೋರ್ಟಿನ ಮೇಲೂ ಸಾಬವ್ವನ ರಿಪೋರ್ಟಿನ ಮೇಲೂ ಮೆಡಿಕಲ್ ಆಫೀಸರ್ ಒಂದೇ ಮಾತು ಬರೆದಿದ್ದರು: ಕಬ್ಬಿಣದ ಕೊರತೆ, ಮೂರು ತಿಂಗಳು ಮಾತ್ರೆ. ಇಬ್ಬರೂ ಮಂಚದ ಮೇಲೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟುಕೊಂಡು ಕೂತರು.

ಮಾಯಾಳ ಹಿಮೋಗ್ಲೋಬಿನ್ ಎಂಟೂವರೆಗೆ ಇಳಿದಿತ್ತು. ಕೆಂಪು ಕಣಗಳ ಎಣಿಕೆ ಮೂವತ್ತೊಂಬತ್ತು ಲಕ್ಷ, ಅಳತೆ ಎಪ್ಪತ್ತು. ಕಣಗಳು ಸಣ್ಣವೂ ಹೌದು, ಸಂಖ್ಯೆಯಲ್ಲಿ ಕಡಿಮೆಯೂ ಹೌದು, ಒಂದರ ಹಾಗೆ ಇನ್ನೊಂದಿಲ್ಲ. ಇಂದೂ ಹೇಳಿದ ಕಬ್ಬಿಣದ ಕೊರತೆಯ ಲಕ್ಷಣಕ್ಕೆ ಸರಿಯಾಗಿ ಕೂತಿತ್ತು. ತಿಂಗಳ ಮುಟ್ಟು ಎಂಟು ದಿನ ಹೋಗುತ್ತದೆ ಎಂದು ಮಾಯಾ ಆವತ್ತೇ ಮೊದಲ ಸಲ ಬಾಯಿಬಿಟ್ಟಳು.

ಸಾಬವ್ವನ ಹಿಮೋಗ್ಲೋಬಿನ್ ಹತ್ತೂಮುಕ್ಕಾಲರ ಹತ್ತಿರ, ಮಾಯಾಳಿಗಿಂತ ಎಷ್ಟೋ ಮೇಲು. ಆದರೆ ಕಣದ ಅಳತೆ ಬರೀ ಅರವತ್ತು. ಎಣಿಕೆ ಐವತ್ತೇಳು ಲಕ್ಷ.

"ರಕ್ತ ಕಡಿಮೆ ಅಂತಾರೆ, ಕಣ ನೋಡಿದರೆ ನನಗಿಂತ ಹದಿನೆಂಟು ಲಕ್ಷ ಜಾಸ್ತಿ ಇಟ್ಕೊಂಡಿದೀಯಲ್ಲೇ," ಅಂದಳು ಮಾಯಾ.

ಸಾಬವ್ವ ನಗಲಿಲ್ಲ. ಕಬ್ಬಿಣವಿಲ್ಲದೆ ಹೋದರೆ ಮೈ ಇಷ್ಟೊಂದು ಕಣ ಮಾಡುವುದು ಹೇಗೆ? ಮಾಯಾಳ ಮಾತ್ರೆ ಮಾಯಾ ತೆಗೆದುಕೊಂಡಳು. ಸಾಬವ್ವ ಔಷಧದ ಕಿಟಕಿಯಲ್ಲಿ ತನ್ನ ಪೊಟ್ಟಣವನ್ನು ಹಿಂದಕ್ಕೆ ತಳ್ಳಿ, "ನನಗೆ ಬೇಡ" ಅಂದಳು. ಸಂಜೆಯೊಳಗೆ ವಾರ್ಡನ್ ಕಿವಿಗೆ ಸುದ್ದಿ ಬಿತ್ತು. ವಾರ್ಡನ್ ಇಂದೂಗೆ ಹೇಳಿದರು. ಇಂದೂ ಅವಳನ್ನು ಕರೆಸಿದರು.

"ಮಾತ್ರೆ ಯಾಕ ಒಲ್ಲೆ ಅಂದಿ?"

"ಎರಡು ವರ್ಷ ನುಂಗೀನ್ರಿ ಮ್ಯಾಡಮ್. ಒಂದೂ ಎಸೆದಿಲ್ಲ. ಅಂಕಿ ಏರಿಲ್ಲ. ಇದನ್ನ ನೋಡ್ರಿ, ಕಣ ಸಣ್ಣು, ಆದ್ರ ಎಣಿಕಿ ಜಾಸ್ತಿ. ಇದು ಕಬ್ಬಿಣದ್ದಲ್ಲ ಅಂತ ನನಗ ಅನಸ್ತದ್ರಿ."

ಇಂದೂ ಕನ್ನಡಕ ಏರಿಸಿ ಹಾಳೆಯನ್ನು ಬಹಳ ಹೊತ್ತು ನೋಡಿದರು. ಕಣದ ಅಳತೆ ಅರವತ್ತನ್ನು ಎಣಿಕೆಯಿಂದ, ಅಂದರೆ ಹತ್ತು ಲಕ್ಷದ ಲೆಕ್ಕದಲ್ಲಿ ಐದು ಪಾಯಿಂಟ್ ಏಳರಿಂದ, ಭಾಗಿಸಿದರು. ಹತ್ತೂವರೆ ಬಂತು. "ಹದಿಮೂರಕ್ಕಿಂತ ಕೆಳಗ ಬಂದ್ರ ಥಲಸೇಮಿಯಾದ, ಅಂದ್ರ ಹುಟ್ಟಿನಿಂದ ಬರೋ ರಕ್ತದ ದೋಷದ, ಸಂಶಯ ಇಟ್ಕೋಬೇಕು," ಅಂದರು. "ಬರೇ ಸಂಶಯ. ನೀನೂ ಡಾಕ್ಟರಲ್ಲ, ನಾನೂ ಅಲ್ಲ. ಆದ್ರ ಸಂಶಯ ಬಂದ ಮ್ಯಾಲೆ ಬಾಯಿ ಮುಚ್ಚಿಕೊಂಡು ಕೂಡೋದು ನರ್ಸಿನ ಕೆಲಸಲ್ಲ. ನಡಿ."

ಮೆಡಿಕಲ್ ಆಫೀಸರ್ ಹಾಳೆ ನೋಡಲೂ ಇಲ್ಲ. ಅದು ಸಿಂಧಿಗಳಲ್ಲಿ ಬರುವ ಕಾಯಿಲೆ, ಕೂಲಿಯವರ ಮಕ್ಕಳಿಗೆ ಬರುವುದು ಕಬ್ಬಿಣದ ಕೊರತೆ ಅಂದರು. ಇಂದೂ ಸಾಬವ್ವನನ್ನು ನೆಟ್ಟಗೆ ಪ್ಯಾಥಾಲಜಿಗೆ ಕರೆದೊಯ್ದರು. ಅಲ್ಲಿ ಡಾಕ್ಟರ್ ಮೋಹನದಾಸ್ ಇದ್ದರು, ಪಿಂಪ್ರಿಯ ಸಿಂಧಿ ಮನೆತನದವರು. ಗಾಜಿನ ಪಟ್ಟಿಯ ಮೇಲೆ ಹರಡಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, "ಬಾ, ನೀನೇ ನೋಡು" ಎಂದು ಸಾಬವ್ವನಿಗೆ ಕುರ್ಚಿ ಬಿಟ್ಟುಕೊಟ್ಟರು. ಮಸುಕು ಕಣಗಳ ನಡುವೆ ಕೆಲವು, ನಡುವಿಗೆ ಚುಕ್ಕಿ ಇಟ್ಟ ಗುರಿಹಲಗೆಯಂತೆ ಕಂಡವು. ಕಬ್ಬಿಣದ ದಾಸ್ತಾನು ಎಷ್ಟಿದೆ ಎಂಬುದನ್ನೂ, ಹಿಮೋಗ್ಲೋಬಿನ್ನಿನ ಜಾತಿ ವಿಂಗಡಿಸುವ ಪರೀಕ್ಷೆಯನ್ನೂ ಅವರು ಬರೆದರು. ವಾರ ಕಳೆದು ಉತ್ತರ ಬಂತು. ಕಬ್ಬಿಣ ಬೇಕಾದಷ್ಟಿತ್ತು. ಮೂರೂವರೆಯೊಳಗೆ ಇರಬೇಕಾದ ಹಿಮೋಗ್ಲೋಬಿನ್ ಎ-ಟು ಐದೂವರೆ ದಾಟಿತ್ತು.

"ನಿನಗೆ ಕಾಯಿಲೆ ಇಲ್ಲ," ಅಂದರು ಮೋಹನದಾಸ್ ಮರಾಠಿಯಲ್ಲಿ. "ನೀನು ಥಲಸೇಮಿಯಾದ ವಾಹಕಿ. ತಂದೆಯಿಂದಲೋ ತಾಯಿಯಿಂದಲೋ ಬಂದದ್ದು. ನಿನ್ನ ಕಣಗಳು ಹುಟ್ಟಿನಿಂದಲೇ ಸಣ್ಣವು, ಸಾಯೋವರೆಗೂ ಸಣ್ಣವೇ. ಕಬ್ಬಿಣ ಕಡಿಮೆ ಇದೆ ಅಂತ ಪರೀಕ್ಷೆಯಲ್ಲಿ ಕಾಣದೆ ಆ ಮಾತ್ರೆ ಮುಟ್ಟಬೇಡ. ಚೆನ್ನಾಗಿ ತಿನ್ನು, ಚೆನ್ನಾಗಿ ದುಡಿ. ಒಂದೇ ಒಂದು ಎಚ್ಚರ, ಮದುವೆಯಾಗೋ ಹುಡುಗನ ರಕ್ತ ನೋಡಿಸಿಯೇ ಆಗು. ನಮ್ಮವರಲ್ಲಿ ಈಗ ಜಾತಕಕ್ಕಿಂತ ಮೊದಲು ಇದನ್ನ ಕೇಳ್ತಾರೆ."

"ಹುಡುಗ ಗೊತ್ತಾಗಿದಾನೆ. ತಾಯಿಯ ತಮ್ಮ," ಅಂದಳು ಸಾಬವ್ವ.

ಮೋಹನದಾಸ್ ಪೆನ್ನು ಕೆಳಗಿಟ್ಟರು. "ಹಾಗಾದರೆ ತಾಯಿಯನ್ನ ಕರೆದುಕೊಂಡು ಬಾ."

ಶರಣಮ್ಮನನ್ನು ಕರೆತಂದದ್ದು ದೊಡ್ಡ ರಗಳೆಯೇ. ಬಂದಳು, ರಕ್ತ ಕೊಟ್ಟಳು. ಅವಳದೂ ಅದೇ ಚಿತ್ರ, ಅದೇ ಸಣ್ಣ ಕಣಗಳು. ಜೀವಮಾನವಿಡೀ ಇಟ್ಟಿಗೆ ಹೊತ್ತವಳು, ಹೋದ ದವಾಖಾನೆಯಲ್ಲೆಲ್ಲ ಊಟ ಮಾಡೋದಿಲ್ಲ ಎಂದು ಬೈಸಿಕೊಂಡವಳು. ಅಂದರೆ ಅವಳ ತಮ್ಮನಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರಿಗೂ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ದೊಡ್ಡ ಥಲಸೇಮಿಯಾದ ಭಯ. ಆ ದೊಡ್ಡ ಕಾಯಿಲೆ ಏನೆಂಬುದನ್ನು ಸಾಬವ್ವ ಮಕ್ಕಳ ವಾರ್ಡಿನಲ್ಲಿ ಕಂಡಿದ್ದಳು. ಅಂಬಾ ಎಂಬ ಆರು ವರ್ಷದ ಹುಡುಗಿ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಿದ್ದಳು. ಬಾಟಲಿ ಏರಿಸುವ ಮುಂಚೆ ಜ್ವರ ನೋಡುವುದು, ಶುರುವಾದ ಮೇಲೆ ಮೊದಲ ಕಾಲು ಗಂಟೆ ಮಂಚ ಬಿಟ್ಟು ಕದಲದೆ ನಡುಕ ಬಂತೇ, ಮೈಮೇಲೆ ದದ್ದು ಎದ್ದಿತೇ ಎಂದು ಕಾಯುವುದು ಸಾಬವ್ವನ ಕೆಲಸವಾಗಿತ್ತು. ಆ ಹುಡುಗಿ ಸೂಜಿಗೆ ಅಳುವುದನ್ನೂ ಬಿಟ್ಟಿದ್ದಳು. ತಾನೇ ಕೈ ಚಾಚುತ್ತಿದ್ದಳು.

ಮನೆಯಲ್ಲಿ ಸಾಬವ್ವ ವಿಷಯ ಎತ್ತಿದಾಗ ಈರಣ್ಣ ಅಲ್ಲೇ ಇದ್ದ. ಮೊದಲು ನಕ್ಕ.

"ಎರಡು ಸಿಮೆಂಟ್ ಚೀಲ ಒಮ್ಮೆಲೆ ಹೊರ್ತೀನಿ. ನನ್ನ ರಕ್ತದಾಗ ಏನ ಕಡಿಮಿ ಆಗ್ಯಾದ?"

"ಯವ್ವನೂ ಇಟ್ಟಂಗಿ ಹೊತ್ತಾಳ ಮಾವ. ಮೈ ನೋಡಿದ್ರ ತಿಳಿಯಂಗಿಲ್ಲ ಇದು. ಒಂದ್ಸಲ ರಕ್ತ ಕೊಡು, ಸಾಕು."

"ಗಂಡಸಿನ ರಕ್ತ ನೋಡಿಸಿ ಮದಿವಿ ಮಾಡೋ ಪದ್ಧತಿ ನಮ್ಮಲ್ಲಿ ಎಲ್ಲ್ಯದ? ನಾ ಏನ ಸಂತ್ಯಾಗಿನ ಎತ್ತೇನು, ಹಲ್ಲು ಎಣಿಸಿ ತಗೊಳ್ಳಾಕ?" ಈಗ ಅವನು ನಗುತ್ತಿರಲಿಲ್ಲ.

ಶರಣಮ್ಮನ ಸಿಟ್ಟು ಬೇರೆ ಥರದ್ದು. ತನ್ನ ರಕ್ತಕ್ಕೆ ಹೆಸರಿಟ್ಟದ್ದೇ ಅವಳಿಗೆ ಅವಮಾನವಾಗಿತ್ತು. ತನ್ನ ತವರಿಗೇ ಮಗಳು ಮಸಿ ಬಳಿಯುತ್ತಿದ್ದಾಳೆ ಎಂದು ಅತ್ತಳು. ಹುಲಿಗೆಪ್ಪ ಮೂಲೆಯಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದ.

ಮಾಘದಲ್ಲಿ ಮನೆಮಂದಿಯೆಲ್ಲ ಜೇಜುರಿಗೆ ಹೋದರು. ಖಂಡೋಬಾ ಅಂದರೂ ಮೈಲಾರಲಿಂಗ ಅಂದರೂ ಅವರಿಗೆ ಅವನೇ ಮನೆದೇವರು. ಊರಿಂದ ಹಿರಿಯರು ಬಂದಿದ್ದರು, ಅಜ್ಜಿಯೂ ಬಂದಿದ್ದಳು. ದರ್ಶನ ಮುಗಿಸಿ ಮೆಟ್ಟಿಲಿಳಿದು ಧರ್ಮಶಾಲೆಯ ಕಟ್ಟೆಯ ಮೇಲೆ ಕೂತರು. ಅಲ್ಲೇ ಲಗ್ನದ ತಿಥಿ ಗೊತ್ತುಮಾಡುವುದು ಅಂತ ಮೊದಲೇ ಮಾತಾಗಿತ್ತು. ಒಬ್ಬ ಹಿರಿಯ, "ಪರೀಕ್ಷಾ ಮುಗದ ಮ್ಯಾಲೆ ಬಸವ ಜಯಂತಿಗೆ ಇಟ್ಕೊಳ್ಳೂನು" ಅಂದ.

ಸಾಬವ್ವ ಎದ್ದು ನಿಂತಳು.

"ರಕ್ತ ನೋಡಿಸಲಾರದ ಮದಿವಿ ಇಲ್ಲ."

ಕಟ್ಟೆಯ ಮೇಲೆ ಒಬ್ಬೊಬ್ಬರದೇ ಶುರುವಾಯಿತು. ಹಿಂದೆ ಎಷ್ಟು ಜನ ಸೋದರಮಾವನನ್ನು ಮದುವೆಯಾಗಿಲ್ಲ? ಅವರಿಗೆಲ್ಲ ಮಕ್ಕಳಾಗಿಲ್ಲವೇ? ಶಾಲೆಗೆ ಕಳಿಸಿದ್ದೇ ತಪ್ಪಾಯಿತು. ಪಟ್ಟಣದ ನೀರು ಕುಡಿದ ಹೆಣ್ಣು.

"ಆಗ್ಯಾವ," ಅಂದಳು ಸಾಬವ್ವ. "ಬಿಳಚಿಕೊಂಡು ಹೊಟ್ಟಿ ಊದಿ ಎರಡು ವರ್ಷದೊಳಗ ಸತ್ತಾವ ಅಂತ ನೀವ ಆಗಾಗ ಹೇಳೋ ಕೂಸುಗಳು ಎಷ್ಟವ ಅನ್ನೂದನ್ನೂ ಹೇಳ್ರಿ. ಅವು ಯಾಕ ಸತ್ತು ಅಂತ ಯಾರರ ನೋಡೀರೇನು? ನಾನೂ ಖರೇನೇ ಹೇಳಲಾರೆ. ಆದ್ರ ಈಗ ನೋಡಾಕ ಬರ್ತದ. ನೋಡಾಕ ಬರೋದನ್ನ ನೋಡಲಾರದ ನಾ ಒಂದು ಕೂಸನ್ನ ಹಡಿಯಂಗಿಲ್ಲ."

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ಅಂಥ ಕೂಸುಗಳಲ್ಲಿ ಎರಡು ಅವಳ ಸ್ವಂತ ತಂಗಿಯವು. ಈರಣ್ಣ ಯಾರ ಮುಖವನ್ನೂ ನೋಡದೆ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಆ ಸಲ ತಿಥಿ ಗೊತ್ತಾಗಲಿಲ್ಲ.

ಹೋಳಿ ಕಳೆದ ಮೇಲೆ ಒಂದು ಬೆಳಗ್ಗೆ ಹಾಸ್ಟೆಲಿನ ಗೇಟಿನಲ್ಲಿ ಈರಣ್ಣ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಸೋಲೊಪ್ಪಲು ಬಂದವನ ಮುಖವಲ್ಲ ಅದು. ಪಂಥ ಕಟ್ಟಿದವನ ಮುಖ.

"ನಡಿ, ಎಲ್ಲಿ ಚುಚ್ಚತಾರ ತೋರಸು. ಮಂದಿ ಮುಂದ ನನ್ನ ರಕ್ತಕ್ಕ ಐಬು ಅಂದಿಯಲ್ಲ, ನೋಡೇ ಬಿಡೂನು."

ಅವಳು ಅವನನ್ನು ಮೋಹನದಾಸರ ಹತ್ತಿರ ಕರೆದೊಯ್ದಳು. ಅವರು ಎರಡೂ ಪರೀಕ್ಷೆ ಬರೆದರು. ಮುಂದಿನ ವಾರ ರಿಪೋರ್ಟಿಗೆ ಬಂದಾಗ ಈರಣ್ಣ ಡಾಕ್ಟರಿಗೆ ಮರಾಠಿಯಲ್ಲಿ, "ನನಗೆ ಓದಲು ಬರುವುದಿಲ್ಲ, ಅವಳೇ ಓದಿ ಹೇಳಲಿ, ನಮ್ಮ ಭಾಷೆಯಲ್ಲಿ" ಎಂದ. ಮೋಹನದಾಸ್ ಲಕೋಟೆಯನ್ನು ಅವಳ ಕೈಗೆ ಕೊಟ್ಟು, ಏನಾದರೂ ಕೇಳುವುದಿದ್ದರೆ ಒಳಗಿದ್ದೇನೆ ಎಂದು ತಮ್ಮ ಟೇಬಲ್ಲಿಗೆ ಹೋದರು.

ಹೊರಗೆ ಬೇವಿನ ಮರದ ಕೆಳಗೆ ಕಲ್ಲುಬೆಂಚು. ಈರಣ್ಣ ಕೂತ. ಸಾಬವ್ವ ನಿಂತೇ ಲಕೋಟೆ ಒಡೆದಳು.

ಹಿಮೋಗ್ಲೋಬಿನ್ ಹದಿನೈದು ದಾಟಿತ್ತು. ಕಣದ ಅಳತೆ ಎಂಬತ್ತಾರು. ಎಣಿಕೆ, ಬಿಳಿ ಕಣ, ಪ್ಲೇಟ್‌ಲೆಟ್, ಒಂದೂ ಗೆರೆ ದಾಟಿರಲಿಲ್ಲ. ಕೊನೆಯ ಹಾಳೆಯಲ್ಲಿ ಎ-ಟು ಎರಡೂವರೆ ಚಿಲ್ಲರೆ. ಇದಕ್ಕಿಂತ ಚೊಕ್ಕ ರಿಪೋರ್ಟನ್ನು ಅವಳು ವಾರ್ಡಿನಲ್ಲಿ ನೋಡಿರಲಿಲ್ಲ. ಅಕ್ಕನಿಗೆ ಬಂದದ್ದು ತಮ್ಮನಿಗೆ ಬಂದಿರಲಿಲ್ಲ.

ಸಾಬವ್ವನಿಗೆ ಸಮಾಧಾನವಾಗಬೇಕಿತ್ತಲ್ಲ, ಆಗಲಿಲ್ಲ. ಇಷ್ಟು ದಿನ ತಾನು ಆ ರಿಪೋರ್ಟು ಕೆಟ್ಟದ್ದೇ ಬರಲೆಂದು ಕಾಯುತ್ತಿದ್ದೆ ಎಂಬುದು ಆ ಗಳಿಗೆಯಲ್ಲೇ ಅವಳಿಗೆ ತಿಳಿದದ್ದು. ಈ ಹಾಳೆಯನ್ನು ಮನೆಯಲ್ಲಿ ಯಾರೂ ಓದಲಾರರು. "ನಿನಗೂ ಅದ ಮಾವ" ಎಂದು ಎರಡು ಮಾತು ಅಂದರೆ ಮದುವೆ ಅಲ್ಲಿಗೆ ಮುಗಿಯಿತು. ಯಾರೂ ಅವಳನ್ನು ಬೈಯುವಂತಿಲ್ಲ, ಅಮ್ಮನೂ ಕೂಡ. ಆದರೆ ಈರಣ್ಣ ಆ ಸುಳ್ಳನ್ನು ಮುಂದೆ ಇನ್ನೊಂದು ಮನೆಗೆ ಹೊತ್ತೊಯ್ಯುತ್ತಾನೆ. ಐಬಿನವನು ಎಂದು ಜೀವವಿಡೀ ತಲೆ ತಗ್ಗಿಸುತ್ತಾನೆ, ಅವಳಮ್ಮ ತನ್ನದಲ್ಲದ ತಪ್ಪಿಗೆ ತಗ್ಗಿಸಿದ ಹಾಗೆ. ಅದೂ ಅಲ್ಲದೆ, ತನಗೆ ಬೇಡವಾದದ್ದನ್ನು ಬೇಡ ಅನ್ನಲು ಒಂದು ಕಾಯಿಲೆಯನ್ನು ಯಾಕೆ ಮುಂದೆ ಮಾಡಬೇಕು?

"ಯಾಕ ಸುಮ್ನಾದಿ? ಕೆಟ್ಟ ಬಂದದೇನು?" ಈರಣ್ಣನ ದನಿ ಮೊದಲ ಸಲ ಸಣ್ಣದಾಗಿತ್ತು.

ಅವಳು ಅವನ ಪಕ್ಕದಲ್ಲಿ ಕೂತು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಹೇಳಿದಳು. ಇದು ಹಿಮೋಗ್ಲೋಬಿನ್, ಚಲೋ ಅದ. ಇದು ಕಣದ ಅಳತಿ, ಚಲೋ ಅದ. "ನಿನಗ ಯಾವ ಐಬೂ ಇಲ್ಲ ಮಾವ. ನೀ ಯಾರನ್ನ ಮಾಡ್ಕೊಂಡ್ರೂ ಆ ದೊಡ್ಡ ಜಡ್ಡು ನಿನ್ನ ಮಕ್ಕಳಿಗೆ ಬರಂಗಿಲ್ಲ. ನನ್ನ ಮಾಡ್ಕೊಂಡ್ರೂ ಬರಂಗಿಲ್ಲ. ಬಂದ್ರ ನನ್ನಂಗ ಸಣ್ಣ ಕಣ ಬರಬಹುದು, ಅಷ್ಟ."

ಈರಣ್ಣನ ಎದೆ ಉಬ್ಬಿತು. "ಹೇಳಿದ್ದಿಲ್ಲೇನ ನಾ. ಹಂಗಾರ ಬಸವ ಜಯಂತಿಗೆ ಇಡೂನು."

"ಇಲ್ಲ ಮಾವ. ನಾ ಒಲ್ಲೆ."

ಅವನು ಅರ್ಥವಾಗದವನ ಹಾಗೆ ಅವಳನ್ನು ನೋಡಿದ. "ರಕ್ತ ನೋಡಿಸು ಅಂದಿ. ನೋಡಿಸಿದೆ. ಇನ್ನೇನದ?"

"ರಕ್ತ ನೋಡಿಸಲಾರದ ಮದಿವಿ ಇಲ್ಲ ಅಂದೆ. ನೋಡಿಸಿದ್ರ ಆಗ್ತೀನಿ ಅಂತ ಅಂದಿದ್ದಿಲ್ಲ. ಅಲ್ಲೇ ಬಿಚ್ಚಿ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ. ತೊಟ್ಟಿಲದಾಗ ಇದ್ದಾಗ ನನ್ನ ಯಾರೂ ಕೇಳಲಿಲ್ಲ, ನಿನ್ನೂ ಕೇಳಲಿಲ್ಲ. ಈಗ ನನ್ನ ನಾ ಕೇಳ್ಕೊಂಡೀನಿ. ನೀ ನನಗ ಮಾವ. ಗಂಡ ಅಂತ ನನ್ನ ಮನಸಿಗೆ ಎಂದೂ ಬಂದಿಲ್ಲ."

"ನನಗ ಸುಳ್ಳು ಹೇಳಿ ಬಿಡಸಿಕೋಬಹುದಿತ್ತಲ್ಲ," ಅಂದ ಈರಣ್ಣ.

"ಬಿಡಸಿಕೋಬಹುದಿತ್ತು."

ಅವನು ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ. ಗೇಟು ದಾಟಿದ.

ಮನೆಯಲ್ಲಿ ಇದಕ್ಕೆ ಎದ್ದ ರಂಪ ಜೇಜುರಿಯದಕ್ಕಿಂತ ದೊಡ್ಡದು. ಕಾಯಿಲೆಯ ಭಯವಾದರೆ ಹೇಗೋ ನುಂಗಿಕೊಳ್ಳಬಹುದಿತ್ತು, ಹೆಣ್ಣು ಬರೀ ಒಲ್ಲೆ ಅಂದದ್ದನ್ನು ನುಂಗುವುದು ಯಾರಿಗೂ ಆಗಲಿಲ್ಲ. ಶರಣಮ್ಮ ಮಾತು ಬಿಟ್ಟಳು. ವಸ್ತಿಯ ನೆಂಟರು ಕರೆಯುವುದನ್ನು ನಿಲ್ಲಿಸಿದರು. ಸಾಬವ್ವ ಟ್ರಂಕು ತುಂಬಿಕೊಂಡು ಹಾಸ್ಟೆಲಿಗೆ ಹೊರಟ ದಿನ ಅದನ್ನು ಹೊತ್ತು ಬಸ್ಸಿನವರೆಗೆ ಬಂದವನು ಹುಲಿಗೆಪ್ಪ. ಬಸ್ಸು ಬರುವ ಹೊತ್ತಿಗೆ, ಆ ವರ್ಷವಿಡೀ ಈ ವಿಷಯದಲ್ಲಿ ಆಡಿದ ಒಂದೇ ಮಾತು ಆಡಿದ: "ಗ್ವಾಡಿ ವಾರಿ ಆಗಿ ಸೊಟ್ಟ ಎದ್ರ ಮ್ಯಾಲೆ ಎಷ್ಟ ಗಿಲಾವು ಮೆತ್ತಿದ್ರೂ ನಿಲ್ಲಂಗಿಲ್ಲವ್ವ. ಕೆಡವಿ ಕಟ್ಟೂದ ಚಲೋ."

ಸಾಬವ್ವ ಪಾಸಾದಳು. ಪಿಂಪ್ರಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆದಳು. ರಜೆ ಸಿಕ್ಕಾಗೆಲ್ಲ ತಾಯಿಯ ಕಡೆಯವರ ಮನೆಮನೆಗೆ ಹೋಗಿ, ಮದುವೆಗೆ ಬಂದ ಮಕ್ಕಳ ರಕ್ತ ನೋಡಿಸಿ ಎಂದು ಹೇಳತೊಡಗಿದಳು. ಕೆಲವರು ನೀರೂ ಕೊಡದೆ ಬಾಗಿಲು ಹಾಕಿದರು. ಅವಳು ಮುಂದಿನ ತಿಂಗಳು ಮತ್ತೆ ಹೋದಳು. ಒಬ್ಬ ಚಿಕ್ಕಮ್ಮ ಕೊನೆಗೆ ಬೇಸತ್ತು ಮಗಳನ್ನು ಕಳಿಸಿದಳು. ಆ ಹುಡುಗಿಯದೂ ಸಣ್ಣ ಕಣಗಳೇ. ಅವಳಿಗೆ ನೋಡಿದ್ದ ಹುಡುಗನದನ್ನೂ ಹಟ ಹಿಡಿದು ನೋಡಿಸಿದರು, ಅವನದು ಚೊಕ್ಕವಾಗಿತ್ತು, ಮದುವೆಯಾಯಿತು. ಆಮೇಲೆ ಬಾಗಿಲು ಹಾಕುವವರು ಕಡಿಮೆಯಾದರು.

ಈರಣ್ಣನ ಮದುವೆ ಎರಡು ವರ್ಷದ ಮೇಲೆ ಸುರಪುರ ಕಡೆಯ ಹುಡುಗಿಯ ಜೊತೆ ವಸ್ತಿಯ ಬಯಲಿನಲ್ಲೇ ನಡೆಯಿತು. ಸಾಬವ್ವನಿಗೆ ಕರೆ ಇರಲಿಲ್ಲ. ಅವಳು ಹಸಿರು ಇಳಕಲ್ ಸೀರೆಯುಟ್ಟು ನೆಟ್ಟಗೆ ಹೋದಳು. ಹೆಂಗಸರು ಗುಸುಗುಸು ಅಂದರು. ಹಿರಿಯನೊಬ್ಬ, "ಈಕೀನ ಯಾರ ಕರೆದ್ರು?" ಎಂದು ಗಟ್ಟಿಯಾಗಿಯೇ ಕೇಳಿದ.

"ನಮ್ಮ ಸೋದರಮಾವನ ಮದಿವಿಗೆ ನನಗ ಕರಿ ಯಾಕ ಬೇಕ್ರಿ," ಅಂದಳು ಸಾಬವ್ವ. ಮಂಟಪ ಹತ್ತಿ ಅಕ್ಕಿಕಾಳು ಹಾಕಿದಳು. ಈರಣ್ಣ ತಲೆ ಎತ್ತಿ ನೋಡಿದ. ಹೆಂಡತಿಗೆ ಬಗ್ಗಿ, "ನಮ್ಮ ಅಕ್ಕನ ಮಗಳು, ಸಿಸ್ಟರ್ ಆಗ್ಯಾಳ" ಅಂದ. ದನಿ ಬಿಗಿದೇ ಇತ್ತು, ಆದರೆ ಅಂದ.

ಊಟದ ಪಂಕ್ತಿಯಲ್ಲಿ ಅವಳು ಹೋಗಿ ಹಿರಿಯರ ಸಾಲಿನಲ್ಲೇ ಕೂತಳು. ಬಡಿಸುವ ಹುಡುಗರು ಅವಳನ್ನು ದಾಟಿ ಮುಂದೆ ಹೋದರು. ಎಲೆ ಖಾಲಿ. ಸಾಬವ್ವ ಏಳಲಿಲ್ಲ. ಆಗ ಒಳಗಿಂದ ಶರಣಮ್ಮ ಬಂದಳು. ಎರಡು ವರ್ಷ ಮಗಳ ಜೊತೆ ಮಾತಾಡದವಳು, ಎಲೆಗೆ ಎರಡು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಳು.

"ಉಣ್ಣು," ಅಂದಳು. "ಡ್ಯೂಟಿಗೆ ಹೋಗೂದದ ಇಲ್ಲೋ?"

"ಅದ ಯವ್ವ. ಇನ್ನೊಂದು ಹಾಕು, ಉಂಡೇ ಹೋಗ್ತೀನಿ," ಅಂದಳು ಸಾಬವ್ವ, ಸಾಲಿನವರಿಗೆಲ್ಲ ಕೇಳುವ ಹಾಗೆ.